ಅಪ್‌ಡೇಟ್: ಲೋಲಕದ ಪ್ರಯೋಗದಲ್ಲಿ ಶೇಕಡಾ ದೋಷ

ನನ್ನ ಪ್ರಶ್ನೆ: "ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ g = 9.72 ಬಂತು, ಪುಸ್ತಕದಲ್ಲಿರುವ ಬೆಲೆ 9.81. ಶೇಕಡಾ ದೋಷಕ್ಕೆ ಯಾವುದರಿಂದ ಭಾಗಿಸಬೇಕು?"

ಭಾಗಿಸಬೇಕಾದದ್ದು 9.81ರಿಂದ. ವ್ಯತ್ಯಾಸ −0.09, ಅಂದರೆ −0.9%. ಋಣ ಚಿಹ್ನೆಯನ್ನು ಬಿಡದೆ ಬರೆದಿಟ್ಟದ್ದೇ ಉಪಯೋಗಕ್ಕೆ ಬಂತು: g ಕಡಿಮೆ ಬಂದಿದೆ ಅಂದರೆ ಉದ್ದ ಕಡಿಮೆ ಅಳೆದಿರಬಹುದು. ನೋಡಿದರೆ ಹಾಗೇ ಆಗಿತ್ತು. ದಾರವನ್ನು ಗುಂಡಿನ ಮೇಲ್ತುದಿಯವರೆಗೆ ಮಾತ್ರ, 99.0 ಸೆಂ.ಮೀ. ಎಂದು ಅಳೆದಿದ್ದೆ. ಗುಂಡಿನ ತ್ರಿಜ್ಯ 1.0 ಸೆಂ.ಮೀ. ಸೇರಿಸಿದರೆ ಉದ್ದ 100.0 ಸೆಂ.ಮೀ. 20 ಆಂದೋಲನಕ್ಕೆ 40.1 ಸೆಕೆಂಡು ಅದೇ ಇಟ್ಟುಕೊಂಡರೆ g = 9.82, ದೋಷ +0.1%.

9.72ರಿಂದ 9.82ಕ್ಕೆ ಎಷ್ಟು ಬದಲಾಯಿತು ಎಂಬುದು ಬೇರೆ ಲೆಕ್ಕ. ಅಲ್ಲಿ ಛೇದ ಹಳೆಯ ಬೆಲೆ: 0.10 ÷ 9.72, ಸುಮಾರು 1.0%. ಇದು ಸಾಪೇಕ್ಷ ಬದಲಾವಣೆ, ದೋಷವಲ್ಲ. ಪುಸ್ತಕದ ಬೆಲೆ ಇಲ್ಲಿ ಬರುವುದೇ ಇಲ್ಲ.

ಹಾಗಂತ 0.1% ನೋಡಿ ಬೀಗುವಂತಿಲ್ಲ. ಸ್ಟಾಪ್‌ವಾಚ್ ಒತ್ತುವಾಗ 0.2 ಸೆಕೆಂಡು ಆಚೀಚೆ ಆದರೆ ಕಾಲದಲ್ಲಿ 0.5% ಹೋಯಿತು. g = 4π²L/T² ಸೂತ್ರದಲ್ಲಿ ಒಂದು ಆಂದೋಲನದ ಕಾಲ T ವರ್ಗವಾಗುವುದರಿಂದ g ಬೆಲೆಯಲ್ಲಿ ಅದು 1% ಆಗುತ್ತದೆ. ಹಾಗಾಗಿ ವರದಿಯಲ್ಲಿ 9.8 ± 0.1 ಮೀ/ಸೆ² ಎಂದೇ ಬರೆದಿದ್ದೇನೆ.