ಡಬ್ಬಿಗೆ ಕಾಂಕ್ರೀಟ್ ತುಂಬುವ ಕೆಲಸ: ಅಕ್ಕೋರ ಪತ್ರ ಓದಿ ನೀವೇ ಹೇಳಿ

ಹೊನ್ನಾವರದವ, ಮೆಲ್ಬರ್ನ್

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ, ಈಗ ಕೇಳದೆ ವಿಧಿಯಿಲ್ಲ. ಇಲ್ಲಿ ಸಿವಿಲ್‌ನಲ್ಲಿ ಮಾಸ್ಟರ್ಸ್ ಮುಗಿಸಿದೆ. ಸಿಕ್ಕಿದ್ದು ಕಾಂಕ್ರೀಟ್ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಟೆಕ್ನಿಷಿಯನ್ ಕೆಲಸ. ಕತ್ತಲಿರುವಾಗಲೇ ವ್ಯಾನ್ ಹತ್ತಬೇಕು. ಸೈಟಿನಲ್ಲಿ ಸ್ಲಂಪ್, ಅಂದರೆ ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಅಂತ ನೋಡಬೇಕು, ಸಿಲಿಂಡರ್ ಡಬ್ಬಿ ತುಂಬಬೇಕು, ಮರುದಿನ ಅವನ್ನು ಹೊತ್ತು ತರಬೇಕು, ಆಮೇಲೆ ಲ್ಯಾಬಿನ ಯಂತ್ರದಲ್ಲಿ ಒತ್ತಿ ಒಡೆದು ಬಲ ನೋಡಬೇಕು. ಜೊತೆಗೆ ಓದಿದವರು ಡಿಸೈನ್ ಆಫೀಸಿನಲ್ಲಿ ಕೂತಿದ್ದಾರೆ. ಮಗಳಿಗೆ ಎರಡೂವರೆ ವರ್ಷ, ಚೈಲ್ಡ್‌ಕೇರ್ ಖರ್ಚು ನಿಮಗೆಲ್ಲ ಗೊತ್ತೇ ಇದೆ. ಅಪ್ಪ ಫೋನ್ ಮಾಡಿದಾಗೆಲ್ಲ "ಇನ್ನೂ ಅದೇ ಕೆಲಸವಾ?" ಅಂತ ಕೇಳುತ್ತಾರೆ.

ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸಿದ ಅಕ್ಕೋರಿಗೆ ಇದನ್ನೆಲ್ಲ ಬರೆದಿದ್ದೆ. ಅವರು ಕೊಟ್ಟ ಉತ್ತರವನ್ನು ಅವರ ಒಪ್ಪಿಗೆ ತಗೊಂಡೇ ಕೆಳಗೆ ಹಾಕಿದ್ದೇನೆ. ನನ್ನ ಪ್ರಶ್ನೆ ಇಷ್ಟೆ: ಇಂಥ ಕೆಲಸದಿಂದ ಎಂಜಿನಿಯರ್ ಹುದ್ದೆಗೆ ಹೋದವರು ಯಾರಾದರೂ ಇದ್ದೀರಾ? ಎಷ್ಟು ದಿನ ಕಾಯಬಹುದು?

*ತಮಾ, ಆಶೀರ್ವಾದ.*

*ನಿನ್ನ ಮೇಲ್ ಓದಿದೆ. ಸಿಟ್ಟಿನಲ್ಲಿ ಬರೆದದ್ದು ಅಂತ ಗೊತ್ತಾಯಿತು, ಒಂದು ಕಡೆಯೂ ಪೂರ್ಣವಿರಾಮ ಇಲ್ಲ. ಕಾಂಕ್ರೀಟ್ ಗಟ್ಟಿಯಾಗಲು 28 ದಿನ ಬೇಕು, ಹಾಗೇ ಮನುಷ್ಯನಿಗೂ ಅಂತ ಅಕ್ಕೋರು ಉಪದೇಶ ಮಾಡುತ್ತಾರೆ ಅಂದುಕೊಂಡಿರಬೇಕು ನೀನು. ಅದೆಲ್ಲ ಸತ್ಕಾರ ಸಮಾರಂಭದ ಭಾಷಣಕ್ಕೆ ಸರಿ.*

*ನಿನಗಿಂತ ಎಷ್ಟೋ ಮುಂಚಿನ ಬ್ಯಾಚಿನವನೊಬ್ಬನ ವಿಷಯ ಹೇಳುತ್ತೇನೆ. ಕೊಂಕಣ ರೈಲ್ವೆಗೆ ನಮ್ಮ ಶರಾವತಿಯ ಮೇಲೆ ಸೇತುವೆ ಕಟ್ಟುತ್ತಿದ್ದ ಕಾಲ. 2 ಕಿ.ಮೀ.ಗೂ ಉದ್ದದ ಸೇತುವೆ, ಆ ಇಡೀ ದಾರಿಯಲ್ಲೇ ಎಲ್ಲಕ್ಕಿಂತ ಉದ್ದ. ಡಿಪ್ಲೊಮಾ ಮುಗಿಸಿದವನಿಗೆ ಅಲ್ಲಿ ಪರೀಕ್ಷೆಗೆ ಕಾಂಕ್ರೀಟ್ ಕ್ಯೂಬ್ ತುಂಬುವ ಕೆಲಸ ಸಿಕ್ಕಿತು. ಊರಿನವರು 'ಕ್ಯೂಬ್ ಮಾಣಿ' ಅಂತ ಚೇಷ್ಟೆ ಮಾಡುತ್ತಿದ್ದರು. ಒಂದು ಭಾನುವಾರ ಮನೆಗೆ ಬಂದವನು, "ಅಕ್ಕೋರೆ, ಸಿಲ್ವರ್ ನೈಟ್ರೇಟ್ ಪಾಠ ಇನ್ನೊಮ್ಮೆ ಹೇಳಿ" ಅಂದ. ಯಾಕೋ ಅಂದೆ. ಹೊನ್ನಾವರದ ಹತ್ತಿರ ಬೇಸಿಗೆಯಲ್ಲಿ ಹೊಳೆ ನೀರು ಉಪ್ಪಾಗುತ್ತದೆ, ಅಲ್ವಾ? ಕಾಂಕ್ರೀಟಿಗೆ ಆ ನೀರು ಸೇರಿದರೆ ಒಳಗಿನ ಕಬ್ಬಿಣಕ್ಕೆ ತುಕ್ಕು. ಸಿಹಿನೀರು ಅಂತ ಬರುವ ಟ್ಯಾಂಕರನ್ನು ಅವನು ನಾಲಿಗೆಗೆ ಒಂದು ಹನಿ ಹಚ್ಚಿ ನೋಡುತ್ತಿದ್ದನಂತೆ. ನಾಲಿಗೆಗೆ ಗೊತ್ತಾಗದ ಉಪ್ಪು ಇದ್ದರೇನು ಅಂತ ಅನುಮಾನ ಬಂದು ಲ್ಯಾಬಿನ ಸಾಹೇಬರನ್ನು ಕೇಳಿದ್ದ. ಅವರು ಸಿಲ್ವರ್ ನೈಟ್ರೇಟ್ ಹಾಕಿ ತೋರಿಸಿದರು. ಕ್ಲೋರೈಡ್ ಇದ್ದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಹತ್ತನೇ ಕ್ಲಾಸಿನಲ್ಲಿ ಅವನೂ ಅದನ್ನೇ ಬಾಯಿಪಾಠ ಮಾಡಿದ್ದ. ಪಾಸ್ ಆದಮೇಲೆ ಮರೆತಿದ್ದ.*

*ಅವನಿಗೆ ಮುಂದೆ ದಾರಿಯಾದದ್ದು ತುಂಬಿದ ಕ್ಯೂಬುಗಳಿಂದಲ್ಲ, ಆ ಅನುಮಾನದಿಂದ. ಕೇಳಿದರೆ ಉತ್ತರ ಕೊಡುವ ಸಾಹೇಬರು ಸಿಕ್ಕರಲ್ಲ, ಅದರಿಂದ. ನೀನು ಎರಡು ಪುಟ ಬರೆದಿದ್ದೀಯ. ಚಳಿ, ವ್ಯಾನ್, ಗೆಳೆಯರ ಸಂಬಳ ಎಲ್ಲ ಇದೆ. ಒಂದು ಸಿಲಿಂಡರ್ ಯಾಕೆ ಬೇಗ ಒಡೆಯಿತು ಅಂತ ಒಂದು ಸಾಲೂ ಇಲ್ಲ.*

*ಒಂದು ನೋಟ್‌ಬುಕ್ ಇಡು. ಲ್ಯಾಬಿನ ಫಾರ್ಮ್ ಅಲ್ಲ, ನಿನ್ನದೇ. ಯಾವ ಗ್ರೇಡ್, ಸ್ಲಂಪ್ ಎಷ್ಟು ಕೇಳಿದ್ದರು, ಎಷ್ಟು ಬಂತು, ಲಾರಿ ಎಷ್ಟು ಹೊತ್ತು ನಿಂತಿತ್ತು, ಆಮೇಲೆ ಅಲ್ಲಿನ ಎಂಜಿನಿಯರ್ ಏನು ಹೇಳಿದ. ಕೊನೆಯದೇ ಮುಖ್ಯ. ಅಳತೆ ನಿನ್ನದು, ತೀರ್ಮಾನ ಅವನದು. ಆ ತೀರ್ಮಾನ ಯಾಕೆ ಅಂತ ತಿಳಿದುಕೊಳ್ಳುವುದಕ್ಕೇ ನೀನು ಅಲ್ಲಿರುವುದು. 80 ಮಿ.ಮೀ. ಸ್ಲಂಪ್ ಬೇಕಾದಲ್ಲಿ 50 ಬಂದರೆ ಮೇಸ್ತ್ರಿ ನೀರು ಬಿಡು ಅನ್ನುತ್ತಾನೆ. ನೀರು ಜಾಸ್ತಿಯಾದರೆ ಸುರಿಯುವುದು ಸುಲಭ, ಬಲ ಕಡಿಮೆ. ನೀನು ಸಿಲಿಂಡರ್ ತುಂಬಿದ ಮೇಲೆ ನೀರು ಬಿಟ್ಟರೆ ನಿನ್ನ ಡಬ್ಬಿಯಲ್ಲಿರುವುದು ಒಂದು ಕಾಂಕ್ರೀಟ್, ಸ್ಲ್ಯಾಬಿಗೆ ಹೋದದ್ದು ಇನ್ನೊಂದು. ಆಗ ಬಾಯಿ ಬಿಟ್ಟು ಹೇಳಬೇಕು, ಮತ್ತೆ ಸ್ಯಾಂಪಲ್ ತೆಗೆಯಬೇಕು, ಚೀಟಿಯಲ್ಲಿ ಬರೆಯಬೇಕು. ಯಾರು ಬೈದರೂ 50 ಅನ್ನು 80 ಅಂತ ಬರೆಯಬೇಡ.*

*ತಾಳ್ಮೆ ಎಲ್ಲಿಯವರೆಗೆ ಅಂತ ಕೇಳಿದ್ದೀಯ. ನೋಟ್‌ಬುಕ್ಕಿನಲ್ಲಿ ಹೊಸ ಪ್ರಶ್ನೆ ಹುಟ್ಟುತ್ತಿರುವವರೆಗೆ. ತಿಂಗಳುಗಟ್ಟಲೆ ಅದೇ ಸಾಲು ಬರುತ್ತಿದ್ದರೆ ಬೇರೆ ಕೆಲಸ ಕೊಡಿ ಅಂತ ಕೇಳು. ಕೊಡದಿದ್ದರೆ ಬಿಡು. ಕೇಳಿದ್ದಕ್ಕೆ ಉತ್ತರವೇ ಕೊಡದವರ ಕೆಳಗೆ ಕಾಯುವುದಕ್ಕೆ ತಾಳ್ಮೆ ಅನ್ನುವುದಿಲ್ಲ. ಮಗುವಿಗೆ ಮುದ್ದು. ಇಲ್ಲಿ ಮಳೆ ಹಿಡಿದಿದೆ, ಕರೆಂಟ್ ಇಲ್ಲ. ಮುಂದಿನ ಪತ್ರದಲ್ಲಿ ಒಡೆದ ಸಿಲಿಂಡರಿನ ಸುದ್ದಿ ಬರಲಿ.*

ಶಿರಸಿಯ ಅಕ್ಕ, ಟೊರೊಂಟೊ

ಓದಿ ಕಣ್ಣಲ್ಲಿ ನೀರು ಬಂತು ತಮ್ಮ. ಈಗ ಇಂಥ ಅಕ್ಕೋರು ಎಲ್ಲಿದ್ದಾರೆ? ನನ್ನ ಮಗ ಇಲ್ಲಿ ಟೀಚರನ್ನು ಹೆಸರು ಹಿಡಿದು ಕರೆಯುತ್ತಾನೆ. ಕನ್ನಡ ಶಾಲೆಗೆ ಶನಿವಾರ ಕಳಿಸುತ್ತೇವೆ, ಕಾರು ಹತ್ತಿದ ಕೂಡಲೇ ಇಂಗ್ಲಿಷ್ ಶುರು. ನಿಮ್ಮ ಮಗಳಿಗೆ ಈಗಿನಿಂದಲೇ ಮನೆಯಲ್ಲಿ ಕನ್ನಡ ಮಾತ್ರ ಮಾತಾಡಿ, ಆಮೇಲೆ ಕೈಗೆ ಸಿಗುವುದಿಲ್ಲ.

ಕಾರವಾರದವ, ಬ್ರಿಸ್ಬೇನ್

ಹೌದು, ನಾನು ಹೋದೆ. ಲ್ಯಾಬಿನಿಂದ ರೆಡಿಮಿಕ್ಸ್ ಕಂಪನಿಯ ಕ್ವಾಲಿಟಿ ವಿಭಾಗ, ಅಲ್ಲಿಂದ ಗುತ್ತಿಗೆದಾರರ ಕಡೆ ಸೈಟ್ ಎಂಜಿನಿಯರ್. ಅಕ್ಕೋರು ಹೇಳಿದ ನೋಟ್‌ಬುಕ್ ಇಂಟರ್‌ವ್ಯೂನಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. "ಇಷ್ಟು ಪರೀಕ್ಷೆ ಮಾಡಿದೆ" ಅಂದರೆ ಯಾರೂ ಕೇಳುವುದಿಲ್ಲ. "ಈ ಫಲಿತಾಂಶ ಕಡಿಮೆ ಬಂತು, ಕಾರಣ ಹೀಗೆ ಹುಡುಕಿದೆ" ಅಂದರೆ ಕುರ್ಚಿ ಮುಂದೆ ಎಳೆದುಕೊಂಡು ಕೇಳುತ್ತಾರೆ. ಲ್ಯಾಬಿನಲ್ಲಿ ಹೊಸ ಮಿಶ್ರಣದ ಟ್ರಯಲ್ ನಡೆಯುವ ದಿನ ನನ್ನನ್ನೂ ಹಾಕಿ ಅಂತ ಕೇಳಿ. ಸಿಮೆಂಟ್, ನೀರು, ಜಲ್ಲಿಯ ಲೆಕ್ಕ ಅಲ್ಲಿ ಕಲಿತಷ್ಟು ಎಲ್ಲೂ ಕಲಿಯುವುದಿಲ್ಲ.

ಆದರೆ ಪತ್ರದಲ್ಲಿ ಇಲ್ಲದ ಒಂದು ವಿಷಯ ಇದೆ. ನಿಮ್ಮದು ಇಲ್ಲಿ ಓದು ಮುಗಿಸಿದವರಿಗೆ ಸಿಗುವ 485 ವೀಸಾ ಇರಬೇಕು, ಅದಕ್ಕೆ ಕೊನೆಯ ದಿನ ಇದೆ. ನೋಟ್‌ಬುಕ್ ಏನೇ ಹೇಳಲಿ, ಆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಎಂಜಿನಿಯರ್ಸ್ ಆಸ್ಟ್ರೇಲಿಯಾ ಸಂಸ್ಥೆಯವರು ವಲಸೆ ವೀಸಾಕ್ಕೆ ಅನುಭವ ತೂಗುವಾಗ ನೀವು ನಿಜವಾಗಿ ಏನು ಕೆಲಸ ಮಾಡಿದಿರಿ ಅಂತ ನೋಡುತ್ತಾರೆ. ಟೆಕ್ನಿಷಿಯನ್ ಕೆಲಸವೆಲ್ಲ ಎಂಜಿನಿಯರ್ ಅನುಭವ ಅಂತ ಲೆಕ್ಕಕ್ಕೆ ಬರುತ್ತದೆ ಅಂದುಕೊಂಡು ಕೂರಬೇಡಿ. ಅರ್ಜಿ ಈಗಿನಿಂದಲೇ ಹಾಕುತ್ತಿರಿ. ಕೆಲಸ ಕಲಿಯುತ್ತಾ ಅರ್ಜಿ ಹಾಕುವುದರಲ್ಲಿ ತಪ್ಪೇನಿಲ್ಲ.

ಸಿದ್ದಾಪುರದವ, ಡಲ್ಲಾಸ್

ಎಲ್ಲರೂ ಚಂದ ಚಂದ ಮಾತಾಡುತ್ತಿದ್ದೀರಿ. ನಾನು ಕಹಿ ಹೇಳುತ್ತೇನೆ. ಇದು ಕೂಲಿ ಕೆಲಸ. ಕೂಲಿಯನ್ನು ಊರಿನಲ್ಲೇ ಮಾಡಬಹುದು, ಅಪ್ಪ ಅಮ್ಮ ಹತ್ತಿರ ಇರುತ್ತಾರೆ, ಮಗು ಅಜ್ಜಿ ಕೈತುತ್ತು ತಿಂದು ಬೆಳೆಯುತ್ತದೆ. ಎರಡು ಎಕರೆ ಅಡಿಕೆ ತೋಟ ಇದ್ದವನಿಗೆ ಮೆಲ್ಬರ್ನಿನ ಚಳಿ ಯಾಕೆ ಬೇಕು? ರಾಶಿ ಇಡಿ ಅಡಿಕೆ ಎಷ್ಟಕ್ಕೆ ಹೋಗುತ್ತಿದೆ ಅಂತ ಶಿರಸಿಗೆ ಫೋನ್ ಮಾಡಿ ಕೇಳಿ. ನಾನು ಆಗಲೇ ವಾಪಸ್ ಹೋಗಬೇಕಿತ್ತು, ಈಗ ಮಕ್ಕಳು ಬರುವುದಿಲ್ಲ ಅನ್ನುತ್ತಾರೆ. ನಿಮಗೆ ಇನ್ನೂ ಟೈಮ್ ಇದೆ. ಹೊರಡಿ.

ಯಲ್ಲಾಪುರದವಳು, ಲಂಡನ್

ಡಲ್ಲಾಸಿನಲ್ಲಿ ಕೂತು ತೋಟ ಮಾಡುವುದು ಸುಲಭ ಅಣ್ಣ. ನಮ್ಮ ಮನೆಯಲ್ಲಿ ಕೊಳೆ ಬಂದರೆ ಮದ್ದು ಹೊಡೆಯಲು ಮರ ಹತ್ತುವವರು ಸಿಗುವುದಿಲ್ಲ. ಎಲೆಚುಕ್ಕೆ ಬಂದ ತೋಟ ನೋಡಿದ್ದೀರಾ? ಗರಿ ಒಣಗಿ ಜೋತು ಬೀಳುತ್ತದೆ. ರೇಟ್ ಇದೆ, ಬೆಳೆ ಎಲ್ಲಿದೆ?

ಸಿದ್ದಾಪುರದವ, ಡಲ್ಲಾಸ್

ರೋಗ ಅಂತ ಎಲ್ಲರೂ ತೋಟ ಬಿಟ್ಟರೆ ಮಾಡುವವರು ಯಾರು? ಈಗ ನೆಲದಲ್ಲೇ ನಿಂತು ಕೊನೆ ಕೊಯ್ಯುವ ದೋಟಿ ಬಂದಿದೆ. ನಮ್ಮ ಹುಡುಗರು ಪರದೇಶದಲ್ಲಿ ಡಬ್ಬಿ ಹೊರಲಿಕ್ಕೆ ತಯಾರು, ದೋಟಿ ಹಿಡಿಯಲಿಕ್ಕೆ ನಾಚಿಕೆ.

ಅಂಕೋಲೆಯವ, ದುಬೈ

ತೋಟದ ವಿಷಯ ಬೇರೆ ಥ್ರೆಡ್ ಮಾಡಿ ಮಾರಾಯ್ರೆ. ಆ ಹುಡುಗ ಕೇಳಿದ್ದು ಕಾಂಕ್ರೀಟ್. 2024ರ ಆಗಸ್ಟ್‌ನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ರಾತ್ರೋರಾತ್ರಿ ಬಿತ್ತು. ಮೇಲಿದ್ದ ಲಾರಿ ಹೊಳೆಗೆ ಬಿದ್ದು ಡ್ರೈವರ್ ಹೇಗೋ ಬದುಕಿದ. ನಮ್ಮ ತಂದೆ ಅದೇ ಸೇತುವೆ ಮೇಲೆ ಗೋವಾಕ್ಕೆ ಎಷ್ಟು ಸಲ ಹೋಗಿದ್ದರೋ! ಕಾಂಕ್ರೀಟ್ ಪರೀಕ್ಷೆ ಮಾಡುವವನನ್ನು ಕೂಲಿ ಅಂತ ಕರೆಯಬೇಡಿ ದಯವಿಟ್ಟು.

ಸಿದ್ದಾಪುರದವ, ಡಲ್ಲಾಸ್

ಕೂಲಿ ಅಂದರೆ ಬೈಗುಳ ಅಲ್ಲ. ನಮ್ಮಪ್ಪನೂ ಕೂಲಿ ಮಾಡಿದವರೇ.

ಹೊನ್ನಾವರದವ, ಮೆಲ್ಬರ್ನ್

ಎಲ್ಲರಿಗೂ ಥ್ಯಾಂಕ್ಸ್. ಬ್ರಿಸ್ಬೇನ್ ಅಣ್ಣ, ವೀಸಾ ತಾರೀಖು ಬರೆದು ಗೋಡೆಗೆ ಅಂಟಿಸಿದೆ, ಇವತ್ತಿನಿಂದ ಅರ್ಜಿ ಶುರು. ಅಕ್ಕೋರಿಗೆ ಬರೆಯಲು ಈ ವಾರ ಒಂದು ಸುದ್ದಿ ಸಿಕ್ಕಿದೆ. 32 ಮೆಗಾಪ್ಯಾಸ್ಕಲ್ ಕಾಂಕ್ರೀಟಿನ 28 ದಿನದ ಜೋಡಿ ಒಡೆದೆವು. ಒಂದು 262 ಕಿಲೋನ್ಯೂಟನ್‌ಗೆ ಒಡೆಯಿತು, ಇನ್ನೊಂದು 204ಕ್ಕೇ. 100 ಮಿ.ಮೀ. ವ್ಯಾಸದ ಸಿಲಿಂಡರಿಗೆ ಲೆಕ್ಕ ಹಾಕಿದರೆ ಒಂದು 33 ಮೆಗಾಪ್ಯಾಸ್ಕಲ್, ಇನ್ನೊಂದು 26. ಎಂದಿನಂತೆ ಫಾರ್ಮ್ ತುಂಬಿ ಹೋಗುವ ಬದಲು ಸೂಪರ್‌ವೈಸರನ್ನು ಕೇಳಿದೆ. ಅವರು ಮೊದಲು ಕೇಳಿದ್ದು ಒಡೆಯುವ ಮುಂಚೆ ಬರೆದಿಟ್ಟ ತೂಕ. ಒಂದೇ ಅಳತೆಯ ಎರಡು ಸಿಲಿಂಡರ್, ಗಟ್ಟಿಯಾದದ್ದು 3.77 ಕೆ.ಜಿ., ಇನ್ನೊಂದು 3.58. ಕಡಿಮೆ ತೂಗಿದ್ದರ ತುಂಡು ತಿರುಗಿಸಿದರೆ ಬುಡದಲ್ಲಿ ಜೇನುಗೂಡಿನಂಥ ತೂತುಗಳು. ಡಬ್ಬಿ ತುಂಬುವಾಗ ಕೆಳಗಿನ ಪದರಕ್ಕೆ ಕುಟ್ಟುವ ಸಲಾಕೆ ಸರಿಯಾಗಿ ಬಿದ್ದಿರಲಿಲ್ಲ. ಅದೇ ಲಾರಿಯದು ಹೆಚ್ಚುವರಿ ಅಂತ ಇಟ್ಟಿದ್ದ ಮೂರನೆಯದನ್ನು ಒಡೆದೆವು, 259 ಕಿಲೋನ್ಯೂಟನ್ ಬಂತು. ಅಂದರೆ ಸ್ಲ್ಯಾಬಿನ ಕಾಂಕ್ರೀಟ್ ಅಲ್ಲ, ಆ ಒಂದು ಡಬ್ಬಿ ಕೆಟ್ಟದ್ದು. 26 ಅನ್ನು ಅಳಿಸಲಿಲ್ಲ. ತೂಕ ಮತ್ತು ಫೋಟೋ ಸೇರಿಸಿ, ಮೂರೂ ಅಂಕಿ ಹಾಕಿ ವರದಿ ಕಳಿಸಿದೆವು. ಸ್ಲ್ಯಾಬ್ ಕೊರೆದು ನೋಡಬೇಕು ಅಂತ ಹೊರಟಿದ್ದ ಎಂಜಿನಿಯರ್ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಮುಂದಿನ ವಾರದ ಟ್ರಯಲ್ ಮಿಕ್ಸಿಗೆ ನನ್ನ ಹೆಸರು ಹಾಕಿದ್ದಾರೆ.

ಶಿರಸಿಯ ಅಕ್ಕ, ಟೊರೊಂಟೊ

ಶಾಭಾಸ್! ಮಗಳು ಕನ್ನಡ ಮಾತಾಡುತ್ತಾಳಾ?

ಸಿದ್ದಾಪುರದವ, ಡಲ್ಲಾಸ್

ಎಲ್ಲ ಸರಿ. ಅಪ್ಪನ ತೋಟ ಎಷ್ಟು ಎಕರೆ ಅಂತ ಇನ್ನೂ ಹೇಳಲಿಲ್ಲ.