ಭೂಮಿ ಹುಣ್ಣಿಮೆ 6ಕ್ಕೋ 7ಕ್ಕೋ? ಪಾಡ್ಯ ಎಲ್ಲಿ ಹೋಯ್ತು?

ಸಾಗರದ ಗದ್ದೆ
2025ರ ಅಕ್ಟೋಬರ್. ಮೊಬೈಲ್ ಪಂಚಾಂಗ 6, ಸೋಮವಾರ ಹುಣ್ಣಿಮೆ ಅನ್ನುತ್ತದೆ. ಗೋಡೆ ಕ್ಯಾಲೆಂಡರಿನಲ್ಲಿ 7, ಮಂಗಳವಾರ. 2ನೇ ತಾರೀಖಿನ ವಿಜಯದಶಮಿಯಿಂದ ಬೆರಳು ಮಡಚಿ ಎಣಿಸಿದರೂ 7 ಬರುತ್ತದೆ. ಆದರೆ ಮಾರನೇ ದಿನ 8ಕ್ಕೆ ಸೀದಾ ಬಿದಿಗೆ! ಪಾಡ್ಯದ ಎದುರು ಮೊಬೈಲಿನಲ್ಲಿ `29:53` ಅಂತ ಇದೆ. ಇದ್ಯಾವ ಗಂಟೆ? ಬುಟ್ಟಿ ಯಾವ ಬೆಳಗಿನ ಜಾವ ಗದ್ದೆಗೆ ಹೊರಬೇಕು?

ಕೊಪ್ಪ ಕಡೆಯವ
ಗೋಡೆಯದ್ದೇ ಸರಿ. ಸೂರ್ಯ ಹುಟ್ಟುವಾಗ ಯಾವ ತಿಥಿಯೋ ಇಡೀ ದಿನ ಅದೇ. ಎಲ್ಲ ಹಬ್ಬಕ್ಕೂ ಇದೊಂದೇ ಲೆಕ್ಕ. ಪಾಡ್ಯ ಬಿಟ್ಟಿದ್ದು ಅಚ್ಚಿನ ತಪ್ಪಿರಬೇಕು.

ಗಣಿತ ಭಟ್ಟರು
ಕೊಪ್ಪದವರ ಮೊದಲ ಮಾತು ಸರಿ, ಉಳಿದೆರಡು ಅಲ್ಲ.

ತಿಥಿಗೆ ನಮ್ಮ ಗಡಿಯಾರದ ಹಂಗಿಲ್ಲ. ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ ಮುಗಿಯಿತು. ಅದು ಮಧ್ಯಾಹ್ನವೂ ಆಗಬಹುದು, ನಡುರಾತ್ರಿಯೂ ಆಗಬಹುದು. ಈ ಹುಣ್ಣಿಮೆ ಹುಟ್ಟುವುದು 6ರ ಮಧ್ಯಾಹ್ನ 12:23ಕ್ಕೆ, ಮುಗಿಯುವುದು 7ರ ಬೆಳಗ್ಗೆ 9:16ಕ್ಕೆ. 6ರ ರಾತ್ರಿಯ ಬೆಳದಿಂಗಳು ಹುಣ್ಣಿಮೆಯದ್ದೇ, ಆದ್ದರಿಂದ ರಾತ್ರಿ ಪೂಜೆ ಲೆಕ್ಕಿಸುವ ಮೊಬೈಲ್ 6 ಅಂದಿದೆ. 7ರಂದು ನಮ್ಮ ಕಡೆ ಸೂರ್ಯ ಹುಟ್ಟುವುದು 6:19ರ ಸುಮಾರಿಗೆ. ಆಗಲೂ ಹುಣ್ಣಿಮೆಯೇ ಇದೆ, ಹಾಗಾಗಿ ಕ್ಯಾಲೆಂಡರ್ 7 ಅಂದಿದೆ. ಇಬ್ಬರದೂ ಸುಳ್ಳಲ್ಲ.

ನಿಮಗೆ ಬೇಕಾದದ್ದು ಬೆಳಗಿನ ಜಾವ. 6ರ ಜಾವಕ್ಕೆ ಇನ್ನೂ ಚತುರ್ದಶಿ. 7ರ ಜಾವಕ್ಕೆ ಹುಣ್ಣಿಮೆ. 6ರ ರಾತ್ರಿ ಅಡುಗೆ ಮಾಡಿ, 7ರ ಜಾವಕ್ಕೆ ಅಚ್ಚಂಬಲಿ ಬೀರಿ.

`29:53` ಅಂದರೆ 24 ಕಳೆಯಿರಿ: 8ನೇ ತಾರೀಖು ಬೆಳಗ್ಗೆ 5:53. ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಹಾಗಾಗಿ 5:53 ಇನ್ನೂ ಮಂಗಳವಾರದ ಬಾಬತ್ತು. ಅದಕ್ಕೇ ಪಂಚಾಂಗದವರು 24ರ ಮೇಲೆ ಎಣಿಸಿಕೊಂಡು ಹೋಗುತ್ತಾರೆ. ಇದನ್ನು 7ರ ಬೆಳಗ್ಗೆ ಅಂತ ಓದಿದರೆ ಲೆಕ್ಕವೆಲ್ಲ ಒಂದು ದಿನ ಹಿಂದಕ್ಕೆ ಬೀಳುತ್ತದೆ.

ಈಗ ಪಾಡ್ಯ ನೋಡಿ. 7ರ 9:16ಕ್ಕೆ ಹುಟ್ಟಿ, 8ರ 5:53ಕ್ಕೆ ಮುಗಿಯಿತು. 7ರ ಸೂರ್ಯೋದಯ ಆದ ಮೇಲೆ ಬಂತು, 8ರದ್ದು ಆಗುವ ಮೊದಲೇ ಹೋಯಿತು. ಯಾವ ಸೂರ್ಯೋದಯವನ್ನೂ ಕಾಣದ ತಿಥಿಗೆ ತನ್ನದೇ ಒಂದು ದಿನ ಸಿಗುವುದಿಲ್ಲ. ಅದು ಕ್ಷಯ ತಿಥಿ, ಅಚ್ಚಿನ ತಪ್ಪಲ್ಲ.

ಸಾಗರದ ಗದ್ದೆ
ಪಾಡ್ಯಕ್ಕೆ 21 ಗಂಟೆಯೂ ಆಗಲಿಲ್ಲವಲ್ಲ! ದಸರಾಕ್ಕೆ ಒಂದು ದಿನ ಹೆಚ್ಚಿಗೆ ಬಂದಿತ್ತು, ಇಲ್ಲಿ ಒಂದು ಕಮ್ಮಿ. ಅದೇ ಲೆಕ್ಕವಾ?

ಗಣಿತ ಭಟ್ಟರು
ಅದೇ ಲೆಕ್ಕ, ಉಲ್ಟಾ. ಚಂದ್ರ ಭೂಮಿಗೆ ಹತ್ತಿರ ಬಂದಾಗ ಬೇಗ ಓಡುತ್ತಾನೆ, ದೂರ ಹೋದಾಗ ನಿಧಾನ. ಅದರಿಂದ ತಿಥಿ ಸುಮಾರು 20 ಗಂಟೆಗೆ ಇಳಿಯಬಹುದು, 26 ಗಂಟೆ ಮುಕ್ಕಾಲರವರೆಗೂ ಹಿಗ್ಗಬಹುದು. ಅಕ್ಟೋಬರ್ 8ರ ಆಸುಪಾಸು ಚಂದ್ರ ಹತ್ತಿರವಿದ್ದ. ಸೆಪ್ಟೆಂಬರ್ ಕೊನೆಯ ವಾರ ದೂರವಿದ್ದ. ಆಗ ನವರಾತ್ರಿಯ ತದಿಗೆ 24ರ ಸೂರ್ಯೋದಯಕ್ಕೆ ಮೊದಲೇ ಹುಟ್ಟಿ, 25ರ ಬೆಳಗ್ಗೆ 7 ದಾಟಿದ ಮೇಲೆ ಮುಗಿಯಿತು. ಎರಡು ಸೂರ್ಯೋದಯ ಸಿಕ್ಕಿತು, ಎರಡು ದಿನವೂ ತದಿಗೆ. ಮೈಸೂರು ದಸರಾ 11 ದಿನ ಆಗಿದ್ದು ಹೀಗೆ. ಬೆರಳೆಣಿಕೆ ಕೈಕೊಡುವುದು ಇಂಥಲ್ಲೇ.

ಹೊಸನಗರ ಅಕ್ಕ
ನಮ್ಮದು ಸಂಕಷ್ಟಿ. 10ಕ್ಕೆ ಚೌತಿ ಅಂತಿದೆ. ಉಪವಾಸ ಬಿಡುವುದು ಚಂದ್ರ ನೋಡಿ ತಾನೆ, ಆದರೆ ಚೌತಿ ಸಂಜೆ 7:38ಕ್ಕೇ ಮುಗಿಯುತ್ತಂತೆ?

ಕೊಪ್ಪ ಕಡೆಯವ
ಉದಯಕ್ಕೆ ಚೌತಿ ಇದ್ದರೆ ಸಾಕಲ್ಲ ಅಕ್ಕ.

ಗಣಿತ ಭಟ್ಟರು
ಸಂಕಷ್ಟಿಗೆ ಸಾಲದು, ಅದಕ್ಕೆ ಚಂದ್ರೋದಯ ಮುಖ್ಯ. 9ರಂದು ಚಂದ್ರ ಹುಟ್ಟುವಾಗ ಇನ್ನೂ ತದಿಗೆ, ಚೌತಿ ಬರುವುದು ರಾತ್ರಿ 10:54ಕ್ಕೆ. 10ರಂದು ಎಂಟೂವರೆಯ ಮೇಲೆ ಚಂದ್ರ ಬರುವಾಗ ಚೌತಿ ಮುಗಿದು ಪಂಚಮಿ. ಎರಡೂ ದಿನ ಸಿಗದಿದ್ದರೆ ಎರಡನೆಯ ದಿನ ಹಿಡಿಯುವುದು ರೂಢಿ, ಹಾಗಾಗಿ 10.

ಹೊಸನಗರ ಅಕ್ಕ
ನಮ್ಮ ಪುರೋಹಿತರ ಪಂಚಾಂಗದಲ್ಲಿ ಗಂಟೆ ಇಲ್ಲ, ಘಳಿಗೆ ಇದೆ. ಹುಣ್ಣಿಮೆಗೆ ಬೇರೆಯೇ ಅಂಕಿ.

ಗಣಿತ ಭಟ್ಟರು
ಘಳಿಗೆಯನ್ನು 24ರಿಂದ ಗುಣಿಸಿ ನಿಮಿಷ ಮಾಡಿ, ನಿಮ್ಮೂರ ಸೂರ್ಯೋದಯಕ್ಕೆ ಕೂಡಿಸಿ. 9:16ಕ್ಕೆ ಮುಗಿಯುವ ಹುಣ್ಣಿಮೆ ನಮ್ಮ ಕಡೆ 7 ಘಳಿಗೆ 22 ವಿಘಳಿಗೆಯ ಹತ್ತಿರ ಬರಬೇಕು. ಒಂದೆರಡು ವಿಘಳಿಗೆ ಹೆಚ್ಚುಕಮ್ಮಿ ಇದ್ದರೆ ಅದು ಊರಿನ ಸೂರ್ಯೋದಯದ ವ್ಯತ್ಯಾಸ. ಹತ್ತಾರು ಘಳಿಗೆ ಬೇರೆಯಾದರೆ ತಾರೀಖಿನ ಸಾಲು ತಪ್ಪಿ ಓದಿದ್ದೀರಿ. ಅದೂ ಅಲ್ಲ, ಇದೂ ಅಲ್ಲ, ಗಂಟೆಗಟ್ಟಲೆ ವ್ಯತ್ಯಾಸ ಅಂದರೆ ಅದು ದೃಕ್ ಗಣಿತದ ಪಂಚಾಂಗ ಅಲ್ಲ, ಹಳೆಯ ಸಿದ್ಧಾಂತದ್ದು. ಎಷ್ಟಿದೆ ಅಂತ ಹಾಕಿ, ನೋಡೋಣ.

ಹೊಸನಗರ ಅಕ್ಕ
ಪುಟದ ಫೋಟೋ ನಾಳೆ ಹಾಕುತ್ತೇನೆ.

ಕೊಪ್ಪ ಕಡೆಯವ
ಪಾಡ್ಯದ್ದು ಒಪ್ಪಿದೆ. ಆದರೆ ಆ ದಿನ ತಿಥಿ ಶ್ರಾದ್ಧ ಇದ್ದವರು?

ಗಣಿತ ಭಟ್ಟರು
ಅದಕ್ಕೆ ನೋಡುವುದು ಅಪರಾಹ್ನ. 7ರ ಮಧ್ಯಾಹ್ನದ ಮೇಲೆ ಪಾಡ್ಯ ಇದ್ದೇ ಇದೆ.