ಪದಚರ್ಚೆ: ‘ಪ್ರತಿಗಳನ್ನು ತೆಗೆದುಕೊಂಡು’ ಎಂದರೆ ಕೊಂಡೊಯ್ದು ಎಂದೇ ಅರ್ಥವೇ?

ಮಡಿಕೇರಿಯಿಂದ, ಸಂಶೋಧಕ

ಮಾನ್ಯರೇ,

ಸೋಮವಾರಪೇಟೆ ತಾಲ್ಲೂಕಿನ ಒಂದು ಸಮುದಾಯದ ಟ್ರಸ್ಟಿನ ವಶದಲ್ಲಿ 11 ಓಲೆಗರಿ ಕಟ್ಟುಗಳೂ ಮಡಿಸಿದ ಕಪ್ಪು ಬಟ್ಟೆಯ 3 ಕಡತಗಳೂ ಇವೆ. ಅವುಗಳಲ್ಲಿ ಒಂದು ಕಟ್ಟು ಮತ್ತು ಎರಡು ಕಡತಗಳ ಚಿತ್ರ ತೆಗೆದು, ಅಲ್ಲಿರುವ ಬರಹವನ್ನು ಓದಿ ಬರೆದುಕೊಳ್ಳಬೇಕೆಂಬುದು ನನ್ನ ಉದ್ದೇಶ. ಅದಕ್ಕಾಗಿ ಟ್ರಸ್ಟಿಗೆ ಬರೆದ ಪತ್ರದಲ್ಲಿ ಹೀಗೆಂದಿದ್ದೆ: “ತಮ್ಮಲ್ಲಿರುವ ಹಸ್ತಪ್ರತಿಗಳ ಪೈಕಿ ಮೂರು ಪ್ರತಿಗಳನ್ನು ತೆಗೆದುಕೊಂಡು ಲಿಪ್ಯಂತರ ಮಾಡಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ಛಾಯಾಪ್ರತಿಯ ವೆಚ್ಚವನ್ನು ನಾನೇ ಭರಿಸುತ್ತೇನೆ.”

ಹದಿನೈದು ದಿನಗಳ ನಂತರ ಕಾರ್ಯದರ್ಶಿಯವರಿಂದ ವಿನಯದ ಉತ್ತರ ಬಂತು. ತಮ್ಮ ಪ್ರತಿಗಳನ್ನು ಹೊರಗೆ ಕಳುಹಿಸುವ ಪದ್ಧತಿ ಇಲ್ಲ, ಹಿರಿಯರು ಬರೆದಿಟ್ಟ ಲಿಪಿಯನ್ನು ಬದಲಾಯಿಸಲು ಸಭೆ ಒಪ್ಪುವುದಿಲ್ಲ, ಗರಿಗಳನ್ನು ಜೆರಾಕ್ಸ್ ಯಂತ್ರದ ಮೇಲೆ ಇಟ್ಟರೆ ಸೀಳುತ್ತವೆ ಎಂದು ಅವರು ಬರೆದಿದ್ದರು. ಈ ಮೂರರಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ. ಆದರೆ ನನ್ನ ಪತ್ರವನ್ನು ಮತ್ತೆ ಓದಿದಾಗ, ಮೂರೂ ಅರ್ಥಗಳು ನಾನೇ ಬಳಸಿದ ಪದಗಳಲ್ಲಿ ಇದ್ದವು.

ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ. ಮೂಲವನ್ನು ಮುಂದಿಟ್ಟುಕೊಂಡು, ಅದರಲ್ಲಿರುವುದನ್ನು ಇದ್ದ ಹಾಗೆ ಇಂದಿನ ಅಕ್ಷರಗಳಲ್ಲಿ ಬರೆದುಕೊಳ್ಳುವ ಕೆಲಸಕ್ಕೆ, ಹಸ್ತಪ್ರತಿ ಶಾಸ್ತ್ರದ ಪರಿಚಯವಿಲ್ಲದವರಿಗೂ ತಪ್ಪರ್ಥ ಬಾರದ ಕನ್ನಡ ಪದ ಯಾವುದು? ‘ಪ್ರತಿ’ ಎಂಬ ಪದವನ್ನೇ ಪತ್ರದಿಂದ ಬಿಟ್ಟುಬಿಡಬೇಕೇ?

ಮೈಸೂರಿನಿಂದ, ಕನ್ನಡ ಉಪನ್ಯಾಸಕ

ತಮ್ಮ ಪತ್ರದಲ್ಲಿ ತಪ್ಪೇನೂ ಇಲ್ಲವೆಂಬುದು ನನ್ನ ಅಭಿಪ್ರಾಯ. ‘ಲಿಪ್ಯಂತರ’ ಸರಿಯಾದ ಪದವೇ ಆಗಿದೆ. ಮೋಡಿ ಲಿಪಿಯ ಕಾಗದಗಳನ್ನು ನಾಗರಿಗೂ ತಿಗಳಾರಿ ಓಲೆಗಳನ್ನು ಕನ್ನಡಕ್ಕೂ ತರುವಾಗ ಎಲ್ಲರೂ ಇದೇ ಪದವನ್ನು ಬಳಸುತ್ತಾರೆ. ಇನ್ನೂರು ವರ್ಷ ಹಿಂದಿನ ಕೈಬರಹದ ಕನ್ನಡವೂ ಇಂದಿನ ಅಚ್ಚಿನ ಕನ್ನಡದಂತಿಲ್ಲ. ಅಕ್ಷರದ ರೂಪ ಬದಲಾಗುವುದರಿಂದ ಅದನ್ನೂ ಲಿಪ್ಯಂತರವೆಂದು ಕರೆಯಬಹುದು. ಪದ ತಿಳಿಯದವರಿಗೆ ಅದನ್ನು ತಿಳಿಸಿ ಹೇಳಬೇಕೇ ಹೊರತು ಪದವನ್ನೇ ಕೈಬಿಡುವುದು ಸರಿಯಲ್ಲ.

ಧಾರವಾಡದಿಂದ, ಹಸ್ತಪ್ರತಿ ವಿಭಾಗವೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು

ಉಪನ್ಯಾಸಕರು ಮೋಡಿ ಮತ್ತು ತಿಗಳಾರಿಯ ಬಗ್ಗೆ ಹೇಳಿದ್ದು ನಿಜ. ಅಲ್ಲಿ ಲಿಪಿಯೇ ಬೇರೆ. ಕನ್ನಡ ಲಿಪಿಯ ಕಡತವನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುವಾಗ ‘ಅಂತರ’ ಎಲ್ಲಿಂದ ಬಂತು? ನಮ್ಮ ವಿಭಾಗದಲ್ಲೂ ಎರಡಕ್ಕೂ ಲಿಪ್ಯಂತರ ಎಂದೇ ಹೇಳುತ್ತಿದ್ದೆವು, ಆದರೆ ಅದು ಬಲ್ಲವರು ಬಲ್ಲವರೊಡನೆ ಆಡುವ ಮಾತು. ಕೊಡಗಿನಲ್ಲಿ ಮಲಯಾಳ ಲಿಪಿಯ ಜ್ಯೋತಿಷದ ಓಲೆಗಳೂ ಇರುವುದರಿಂದ, ಅಲ್ಲಿನವರು ಈ ಪದವನ್ನು ಅಕ್ಷರಶಃ ತೆಗೆದುಕೊಂಡರೆ ಆಶ್ಚರ್ಯವಿಲ್ಲ.

‘ಪ್ರತಿ’ಯ ವಿಷಯದಲ್ಲಂತೂ ಕಾರ್ಯದರ್ಶಿಯವರ ಓದೇ ಸರಿ. “ಈ ಕಾವ್ಯಕ್ಕೆ ನಾಲ್ಕು ಪ್ರತಿಗಳು ದೊರೆತಿವೆ” ಎಂದು ಸಂಪಾದಕರು ಬರೆದರೆ ನಾಲ್ಕು ಹಸ್ತಪ್ರತಿಗಳೆಂದು ಅರ್ಥ. ನಾಲ್ಕು ಜೆರಾಕ್ಸ್ ಎಂದು ಯಾರೂ ತಿಳಿಯುವುದಿಲ್ಲ. ಮೂಲವೂ ಪ್ರತಿ, ಅದರಿಂದ ಇಳಿಸಿಕೊಂಡದ್ದೂ ಪ್ರತಿ. ಅದಕ್ಕೆ ‘ತೆಗೆದುಕೊಂಡು’ ಸೇರಿಸಿದಿರಿ. ‘ಫೋಟೊ ತೆಗೆ’ ಎಂದರೆ ವಸ್ತು ಇದ್ದಲ್ಲೇ ಇರುತ್ತದೆ. ‘ಪ್ರತಿ ತೆಗೆದುಕೊ’ ಎಂದರೆ ಅದು ಕೈಗೆ ಬರುತ್ತದೆ. ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಮಾಡುವ ಕೆಲಸವೇ ಅದು, ಕ್ರಿಯೆಯ ಫಲವನ್ನು ಮಾಡಿದವನ ಕಡೆಗೆ ಎಳೆಯುವುದು. ‘ಛಾಯಾಪ್ರತಿ’ಯನ್ನು ಕಚೇರಿಗಳು ಜೆರಾಕ್ಸಿಗೆ ಮೀಸಲಿಟ್ಟು ದಶಕಗಳಾಗಿವೆ, ಅದನ್ನು ಈಗ ಫೋಟೊಗೆ ಮರಳಿ ಪಡೆಯಲಾಗದು. ಸುಮ್ಮನೆ ‘ಫೋಟೊ’ ಎನ್ನಿ.

ಓದಿ ಬರೆಯುವ ಕೆಲಸಕ್ಕೆ ನನ್ನ ಸಲಹೆ ‘ಯಥಾಪ್ರತಿ’. ಹಳೆಯ ಲಿಪಿಕಾರರು ಕಟ್ಟಿನ ಕೊನೆಯಲ್ಲಿ ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ’ ಎಂದು ಬರೆಯುತ್ತಿದ್ದರು, ಪುಸ್ತಕ ಹೇಗೆ ಕಂಡಿತೋ ಹಾಗೆಯೇ ಬರೆದೆ ಎಂದು. ನೀವು ಮಾಡಹೊರಟಿರುವುದೂ ಅದನ್ನೇ. ಆದರೆ ಎಷ್ಟರ ಮಟ್ಟಿಗೆ ‘ಹಾಗೆಯೇ’ ಎಂಬುದನ್ನು ಪತ್ರದಲ್ಲೇ ಹೇಳಿಬಿಡಿ, ಏಕೆಂದರೆ ಮುಂದೆ ಜಗಳ ಬರುವುದು ಅಲ್ಲೇ. ತಾವು ನೋಡಿದ ಕಡತದಿಂದ ಒಂದು ಸಾಲನ್ನು ಇಲ್ಲಿ ಬರೆದರೆ ತೋರಿಸಿ ಹೇಳಬಲ್ಲೆ.

ನಾಪೋಕ್ಲಿನಿಂದ, ಕಾಫಿ ಬೆಳೆಗಾರ್ತಿ

ಅನುಮತಿ ಕೊಡಬೇಕೋ ಬೇಡವೋ ಎಂಬುದು ಇಲ್ಲಿನ ಪ್ರಶ್ನೆಯೆಂದು ತಿಳಿದು ಬರೆಯುತ್ತಿದ್ದೇನೆ. ನಮ್ಮ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿಯೂ ಒಂದು ಪೆಟ್ಟಿಗೆಯ ತುಂಬ ಓಲೆಗಳಿದ್ದವು. ನಾನು ಚಿಕ್ಕವಳಿದ್ದಾಗ ಒಬ್ಬರು ಬಂದು, ಓದಿ ತಂದುಕೊಡುತ್ತೇನೆ ಎಂದು ಒಂದು ಕಟ್ಟನ್ನು ತೆಗೆದುಕೊಂಡು ಹೋದರು. ಮನೆತನದ ಹಿರಿಯರಾದ ಅಂದಿನ ಪಟ್ಟೆದಾರರು ನಂಬಿ ಕೊಟ್ಟರು, ರಸೀದಿ ಕೇಳಲಿಲ್ಲ. ಆ ಕಟ್ಟು ಇಂದಿಗೂ ಬಂದಿಲ್ಲ. ‘ತೆಗೆದುಕೊಂಡು’ ಎಂಬ ಮಾತು ನಮ್ಮ ಕಿವಿಗೆ ಹೇಗೆ ಕೇಳಿಸುತ್ತದೆಂದು ಇದರಿಂದ ತಿಳಿಯಬಹುದು.

ಇನ್ನೊಂದು ಮಾತು. ಉಳಿದಿದ್ದ ಒಂದು ಕಡತದ ಮೇಲೆ ಧೂಳು ಕೂತಿದೆಯೆಂದು ಮನೆಗೆ ಬಂದ ನೆಂಟರೊಬ್ಬರು ಒದ್ದೆ ಬಟ್ಟೆಯಿಂದ ಒರೆಸಿದರು. ಕಡತವೆಂದರೆ ಹುಣಿಸೆ ಬೀಜದ ಸರಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದದ್ದು, ಮೇಲಿರುವುದು ಬಳಪದ ಬರಹ. ಎರಡು ಮಡಿಕೆಗಳು ಶಾಲೆಯ ಸ್ಲೇಟಿನಂತೆ ಶುದ್ಧವಾಗಿ ಕಪ್ಪಾದವು. ಯಾರೇ ಫೋಟೊ ತೆಗೆಯುವುದಾದರೂ ‘ಸ್ವಚ್ಛಗೊಳಿಸಿ’ ಎಂಬ ಪದ ಪತ್ರದಲ್ಲಿ ಇರಬಾರದು ಎಂದು ನಾನು ಕೇಳಿಕೊಳ್ಳುತ್ತೇನೆ.

ಸೋಮವಾರಪೇಟೆಯಿಂದ, ಕಂದಾಯ ಕಚೇರಿಯ ನಿವೃತ್ತ ಗುಮಾಸ್ತ

ಸರ್ಕಾರಿ ಕೆಲಸದಲ್ಲಿ ಇದಕ್ಕೆ ‘ನಕಲು’ ಎಂಬ ಪದ ಮೊದಲಿನಿಂದಲೂ ಇದೆ. ನಕಲು ಅರ್ಜಿ ಕೊಟ್ಟರೆ ಮೂಲ ಕಚೇರಿಯಲ್ಲೇ ಉಳಿಯುತ್ತದೆ ಎಂಬುದು ರೈತರಿಗೂ ಗೊತ್ತು. ಆದರೆ ಈಗಿನವರಿಗೆ ನಕಲು ಎಂದರೆ ಪರೀಕ್ಷೆಯ ನಕಲು ಅಥವಾ ನಕಲಿ ದಾಖಲೆ ನೆನಪಾಗುತ್ತದೆ, ಹಾಗಾಗಿ ಒತ್ತಾಯಿಸುವುದಿಲ್ಲ.

ಟ್ರಸ್ಟಿನವರು ಹೇಳದ ಇನ್ನೊಂದು ಅಂಜಿಕೆಯೂ ಇರಬಹುದು. ಕೊಡಗಿನ ಅರಸ ಲಿಂಗರಾಜರ ಕಾಲದ ಶಿಸ್ತಿನ ಲೆಕ್ಕ ಆ ಕಡತಗಳಲ್ಲಿದ್ದರೆ, ಅದು ಜಮ್ಮ, ಸಾಗು, ಉಂಬಳಿ ಭೂಮಿಗಳ ವಿಷಯ. ಹೊರಗಿನವರು ಶಿಸ್ತು ಎಂದರೆ ನಡತೆಯ ಶಿಸ್ತು ಎಂದುಕೊಳ್ಳುತ್ತಾರೆ, ಇಲ್ಲಿ ಅದು ಭೂಮಿಯ ಕಂದಾಯ ನಿಗದಿ. ಅದರ ಫೋಟೊ ಯಾರ ಕೈಗೆ ಸಿಕ್ಕರೆ ಯಾವ ವ್ಯಾಜ್ಯ ಏಳುತ್ತದೆಯೋ ಎಂದು ಹಿರಿಯರು ಯೋಚಿಸುವುದು ಸಹಜ. ‘ಪ್ರಕಟಿಸಲು’ ಎಂದು ಬರೆಯುವ ಮೊದಲು ಏನನ್ನು, ಯಾರನ್ನು ಕೇಳಿ ಎಂದೂ ಬರೆಯಬೇಕು.

ಮಡಿಕೇರಿಯಿಂದ, ಸಂಶೋಧಕ

ಎಲ್ಲರಿಗೂ ವಂದನೆಗಳು. ನಾಪೋಕ್ಲಿನ ಅಮ್ಮನವರ ಉತ್ತರ ನನ್ನ ಪ್ರಶ್ನೆಗೆ ನೇರವಾದದ್ದಲ್ಲವಾದರೂ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಅದೇ.

ಧಾರವಾಡದ ಹಿರಿಯರು ಕೇಳಿದ ಸಾಲು ಇಲ್ಲಿದೆ. ಮೊದಲ ಭೇಟಿಯಲ್ಲಿ ಕಾರ್ಯದರ್ಶಿಯವರು ಕಡತದ ಎರಡು ಮಡಿಕೆಗಳನ್ನು ಬಿಡಿಸಿ ತೋರಿಸಿದಾಗ ಕಣ್ಣಿಗೆ ಬಿದ್ದು, ಅವರ ಎದುರಿನಲ್ಲೇ ಬರೆದುಕೊಂಡದ್ದು: ‘ಯೀವೊಲೆಗೆಹೊಂನುವೊಂದು’. ಪದಗಳ ನಡುವೆ ತೆರವಿಲ್ಲ.

ಧಾರವಾಡದಿಂದ

ಒಳ್ಳೆಯ ಸಾಲು. ‘ಹೊಂನು’ ಎಂಬುದು ಹೊನ್ನು, ಒತ್ತಕ್ಷರದ ಬದಲು ಸೊನ್ನೆ ಹಾಕುವುದು ಆ ಕಾಲದ ರೂಢಿ. ‘ಯೀ’ ಎಂಬುದು ಈ, ‘ವೊಂದು’ ಎಂಬುದು ಒಂದು. ಇಲ್ಲಿಯವರೆಗೆ ಸುಲಭ. ‘ವೊಲೆ’ ಮಾತ್ರ ಒಲೆಯೋ ಓಲೆಯೋ? ಹಳೆಯ ಬರಹದಲ್ಲಿ ಒ ಮತ್ತು ಓ, ಎ ಮತ್ತು ಏ ಸಾಮಾನ್ಯವಾಗಿ ಒಂದೇ ರೂಪದಲ್ಲಿ ಇರುತ್ತವೆ. ಓಲೆಯಾದರೆ ಈ ಪತ್ರ ಬರೆದದ್ದಕ್ಕೆ ಒಂದು ಹೊನ್ನು. ಒಲೆಯಾದರೆ ಈ ಮನೆಯ ಪಾಲಿಗೆ ಒಂದು ಹೊನ್ನು. ತಾವು ‘ಈ ಓಲೆಗೆ ಹೊನ್ನು ಒಂದು’ ಎಂದು ತಿದ್ದಿ ಬರೆದುಕೊಟ್ಟರೆ ಅದು ಯಥಾಪ್ರತಿಯಲ್ಲ, ತಮ್ಮ ತೀರ್ಪು. ಆದ್ದರಿಂದ ಎರಡು ಸಾಲು ಬರೆಯುವುದಾಗಿ ಪತ್ರದಲ್ಲಿ ಹೇಳಿ. ಮೇಲೆ ಇದ್ದ ಹಾಗೆ, ಕೆಳಗೆ ಪದ ಬಿಡಿಸಿ ತಿದ್ದಿದ ಹಾಗೆ. ಮೊದಲನೆಯದು ಯಥಾಪ್ರತಿ, ಎರಡನೆಯದು ಪಾಠ.

ಸೋಮವಾರಪೇಟೆಯಿಂದ

ನಾನು ಒಲೆ ಎಂದೇ ಓದುತ್ತೇನೆ. ಮನೆಯನ್ನು ಒಲೆಯಿಂದ ಎಣಿಸುವ ಮಾತು ನಮ್ಮ ಅಜ್ಜಿಯ ಬಾಯಲ್ಲಿತ್ತು.

ಮೈಸೂರಿನಿಂದ

ಓಲೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ‘ಈ’ ಎಂಬ ಮಾತು ಕೈಯಲ್ಲಿರುವ ಪತ್ರವನ್ನೇ ತೋರಿಸುತ್ತದೆ. ‘ಯಥಾಪ್ರತಿ’ಯಲ್ಲಿಯೂ ‘ಪ್ರತಿ’ ಉಳಿದೇ ಇದೆಯಲ್ಲ, ಅದನ್ನು ಟ್ರಸ್ಟಿನವರು ಹೇಗೆ ಓದುತ್ತಾರೆ ಎಂಬುದನ್ನೂ ಯೋಚಿಸಬೇಕು.

ಮಡಿಕೇರಿಯಿಂದ, ಸಂಶೋಧಕ

ಬರೆದಿರುವುದು ಓಲೆಯ ಮೇಲಲ್ಲ, ಕಡತದ ಮೇಲೆ. ಆದ್ದರಿಂದ ‘ಈ’ ಎಂಬುದು ಕೈಯಲ್ಲಿರುವುದನ್ನೇ ತೋರಿಸುತ್ತದೆ ಎನ್ನಲು ನನಗೆ ಧೈರ್ಯ ಸಾಲದು. ಬೇರೊಂದು ಓಲೆಯಿಂದ ಕಡತಕ್ಕೆ ಇಳಿಸಿಕೊಂಡಿದ್ದರೆ ಮಾತು ಬೇರೆ, ಅದನ್ನು ಮುಂದಿನ ಮಡಿಕೆಗಳನ್ನು ಓದಿದ ಮೇಲೆ ನೋಡಬೇಕು. ‘ಯಥಾಪ್ರತಿ’ಯ ಬಗ್ಗೆ ಉಪನ್ಯಾಸಕರ ಎಚ್ಚರಿಕೆ ಸರಿಯೆನ್ನಿಸಿ, ಪತ್ರದಲ್ಲಿ ಅದನ್ನೂ ಬಳಸದೆ ಬಿಡಿಸಿ ಬರೆದಿದ್ದೇನೆ. ತಿದ್ದಿದ ಭಾಗ ಇದು:

“ತಮ್ಮ ಓಲೆಗರಿಯ ಒಂದು ಕಟ್ಟು ಮತ್ತು ಎರಡು ಕಡತಗಳ ಫೋಟೊಗಳನ್ನು, ಅವು ಈಗ ಇರುವ ಕೋಣೆಯಲ್ಲಿಯೇ, ತಾವು ನೇಮಿಸಿದ ಸದಸ್ಯರೊಬ್ಬರ ಎದುರಿನಲ್ಲಿ ತೆಗೆಯಲು ಒಪ್ಪಿಗೆ ಬೇಡುತ್ತೇನೆ. ಯಾವುದನ್ನೂ ಹೊರಗೆ ಒಯ್ಯುವುದಿಲ್ಲ. ಗರಿಗಳಿಗೆ ಎಣ್ಣೆಯಾಗಲಿ ಮಸಿಯಾಗಲಿ ಹಚ್ಚುವುದಿಲ್ಲ, ಕಡತವನ್ನು ಒರೆಸುವುದಿಲ್ಲ, ಅಂಟಿಕೊಂಡ ಗರಿಗಳನ್ನು ಬಿಡಿಸುವುದಿಲ್ಲ, ಗರಿಗಳ ಕ್ರಮ ತಪ್ಪಿದಂತೆ ಕಂಡರೂ ಇದ್ದ ಕ್ರಮದಲ್ಲೇ ಮತ್ತೆ ಕಟ್ಟುತ್ತೇನೆ. ಮಸಿ ತುಂಬದ ಗರಿಯಲ್ಲಿ ಕಂಟದ ಮೊನೆಯಿಂದ ಕೊರೆದ ಗೀರು ನೇರ ಬೆಳಕಿಗೆ ಕಾಣುವುದಿಲ್ಲವಾದ್ದರಿಂದ, ಪ್ರತಿಯೊಂದು ಮುಖಕ್ಕೂ ಒಮ್ಮೆ ನೇರ ಬೆಳಕಿನಲ್ಲಿ, ಒಮ್ಮೆ ಎಡಗಡೆಯಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಫೋಟೊ ತೆಗೆಯುತ್ತೇನೆ. ತಾವು ತಿಳಿಸಿದಂತೆ ಕಟ್ಟಿನಲ್ಲಿ 62 ಗರಿಗಳಿರುವುದಾದರೆ 124 ಮುಖಗಳಿಗೆ 248 ಫೋಟೊಗಳಾಗುತ್ತವೆ, ಇದಕ್ಕೆ ಎರಡು ದಿನ ಬೇಕು. ಎಲ್ಲ ಫೋಟೊಗಳನ್ನೂ ಆಯಾ ದಿನವೇ ಟ್ರಸ್ಟಿಗೆ ಒಪ್ಪಿಸುತ್ತೇನೆ.

ಅವುಗಳನ್ನು ನೋಡಿ, ಬರಹವನ್ನು ಇದ್ದ ಹಾಗೆ ಒಂದು ಸಾಲಿನಲ್ಲೂ, ಪದ ಬಿಡಿಸಿ ಇಂದಿನ ಬರಹದಲ್ಲಿ ಅದರ ಕೆಳಗಿನ ಸಾಲಿನಲ್ಲೂ ಬರೆಯುತ್ತೇನೆ. ಎರಡು ಓದು ಸಾಧ್ಯವಿರುವಲ್ಲಿ ಎರಡನ್ನೂ ಕೊಡುತ್ತೇನೆ. ಭೂಮಿ ಮತ್ತು ಕಂದಾಯದ ವಿಷಯವಿರುವ ಮಡಿಕೆಗಳ ಫೋಟೊವನ್ನಾಗಲಿ ಬರಹವನ್ನಾಗಲಿ ಟ್ರಸ್ಟಿನ ಲಿಖಿತ ಒಪ್ಪಿಗೆಯಿಲ್ಲದೆ ಯಾರಿಗೂ ತೋರಿಸುವುದಿಲ್ಲ.”

‘ಪ್ರತಿಯೊಂದು ಮುಖಕ್ಕೂ’ ಎಂಬಲ್ಲಿ ಮತ್ತೆ ‘ಪ್ರತಿ’ ನುಸುಳಿದೆ, ಅದನ್ನು ‘ಒಂದೊಂದು ಮುಖಕ್ಕೂ’ ಎಂದು ಮಾಡುತ್ತೇನೆ. ಮಳೆಗಾಲದಲ್ಲಿ ಕಟ್ಟು ಬಿಚ್ಚುವುದು ಬೇಡವೆಂದೂ, ಕಾಫಿ ಕೊಯ್ಲು ಮುಗಿಯದೆ ಸಭೆ ಸೇರುವುದಿಲ್ಲವೆಂದೂ ಕಾರ್ಯದರ್ಶಿಯವರು ದೂರವಾಣಿಯಲ್ಲಿ ತಿಳಿಸಿದ್ದಾರೆ. ಹಾಗಾಗಿ ಪತ್ರವನ್ನು ತಿದ್ದಲು ಇನ್ನೂ ಸಮಯವಿದೆ. ‘ಬೇಡುತ್ತೇನೆ’ ಇರಲೋ ‘ಕೋರುತ್ತೇನೆ’ ಇರಲೋ ಎಂಬುದನ್ನೂ ದಯವಿಟ್ಟು ತಿಳಿಸಿ.